ರಾತ್ರೋರಾತ್ರಿ ಮನೆ ಬಿಡುವ ರೊಕ್ಕ

ಕಬ್ಬು ಕಾರ್ಖಾನೆಗೆ ಹೋದ ಹದಿನಾಲ್ಕು ದಿನದೊಳಗೆ ರೈತನಿಗೆ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಮೂಡಲಗಿ ತಾಲೂಕಿನಲ್ಲಿ ಈ ಆದೇಶವನ್ನು ಜನ ಪುರಾಣದಂತೆ ಭಕ್ತಿಯಿಂದ ಕೇಳುತ್ತಾರೆ, ನಡೆದೀತು ಅಂತ ಯಾರೂ ನಂಬುವುದಿಲ್ಲ. ಬೆಲೆಗಾಗಿಯೇ 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರಸ್ತೆ ಹಿಡಿದು ಕೂತು, ಟನ್ನಿಗೆ 3,300 ಅಂತ ಸರ್ಕಾರದ ಬಾಯಿಂದ ಹೊರಡಿಸಬೇಕಾಯಿತು. ಹೀಗೆ ಕೂತು, ಕೂಗಿ, ಕಾದು ತರಿಸಿಕೊಂಡ ರೊಕ್ಕ ಕೊನೆಗೊಮ್ಮೆ ಉಳಿತಾಯ ಖಾತೆಗೆ ಬಂದು ಬಿದ್ದರೆ ಅಲ್ಲಿ ಎಷ್ಟು ಹೊತ್ತು ಇರುತ್ತದೆ? ಒಂದು ರಾತ್ರಿಯೂ ಇಲ್ಲ. ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ಕಾಲೂರಿ ನಿಂತಿದ್ದ ರೊಕ್ಕಕ್ಕೆ ಬ್ಯಾಂಕಿನೊಳಗೆ ಕಾಲಿಟ್ಟ ತಕ್ಷಣ ಓಡುವ ಚಟ ಹತ್ತುತ್ತದೆ.

ಈ ಚಟಕ್ಕೆ ಬ್ಯಾಂಕಿನವರು ಇಟ್ಟ ಹೆಸರು ಸ್ವೀಪ್. ಕೆಲವರು ಫ್ಲೆಕ್ಸಿ ಅನ್ನುತ್ತಾರೆ, ಸ್ಟೇಟ್ ಬ್ಯಾಂಕಿನವರು ಮಲ್ಟಿ ಆಪ್ಷನ್ ಡೆಪಾಸಿಟ್, ಚಿಕ್ಕದಾಗಿ ಮಾಡ್ ಅನ್ನುತ್ತಾರೆ. ಖಾತೆಗೆ ಒಂದು ಗೆರೆ ಎಳೆದಿರುತ್ತಾರೆ. ಗೆರೆ ದಾಟಿದ ರೊಕ್ಕವನ್ನು ಯಂತ್ರವೇ ಸಾವಿರದ ಲೆಕ್ಕದಲ್ಲಿ ಬಳಿದುಕೊಂಡು ಅದೇ ಖಾತೆದಾರನ ಹೆಸರಿನಲ್ಲಿ ಮುದ್ದತಿ ಠೇವಣಿ ಮಾಡುತ್ತದೆ. ಖಾತೆಯಲ್ಲಿ ಕಡಿಮೆ ಬಿದ್ದ ದಿನ ಠೇವಣಿಯನ್ನು ಬೇಕಾದಷ್ಟೇ ಮುರಿದು ವಾಪಸ್ ತರುತ್ತದೆ. ಉಳಿತಾಯ ಖಾತೆಯ ಎರಡೂವರೆ ಪರ್ಸೆಂಟ್ ಎಲ್ಲಿ, ಠೇವಣಿಯ ಆರು ಚಿಲ್ಲರೆ ಪರ್ಸೆಂಟ್ ಎಲ್ಲಿ! ಯೋಜನೆ ಚೆನ್ನಾಗಿಯೇ ಇದೆ. ಖಾತೆ ತೆರೆಯುವ ದಿನ ಹನ್ನೊಂದು ಪುಟದ ಫಾರ್ಮಿನ ಯಾವುದೋ ಮೂಲೆಯ ಚೌಕದಲ್ಲಿ ಒಂದು ಟಿಕ್ ಬಿದ್ದಿರುತ್ತದೆ ನೋಡಿ, ಅದು ಬಿದ್ದದ್ದು ಖಾತೆದಾರನಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಲೆಕ್ಕ ಮಾಡಿ ನೋಡೋಣ. ಮೂಡಲಗಿ ಕಡೆಯ ಒಬ್ಬ ರೈತ, ಎಪ್ಪತ್ತು ಟನ್ ಕಬ್ಬು, ಟನ್ನಿಗೆ 3,300. ಬಿಲ್ಲು 2,31,000 ಒಂದೇ ಕಂತಿನಲ್ಲಿ ಬಂತು ಅಂತ ಹಿಡಿಯೋಣ. (ವ್ಯಂಗ್ಯ ಬರಹದಲ್ಲಿ ಇಷ್ಟು ಅತಿಶಯೋಕ್ತಿಗೆ ಅವಕಾಶ ಇರಬೇಕು.) ಖಾತೆಯಲ್ಲಿ ಮೊದಲೇ 9,400 ಇತ್ತು. ಗೆರೆ 50,000ಕ್ಕೆ. ಐದು ದಿನದ ಮೇಲೆ ಟ್ರ್ಯಾಕ್ಟರಿನವನಿಗೆ 70,000ದ ಚೆಕ್ ಕೊಟ್ಟಿದ್ದಾನೆ. ಪಾಸ್‌ಬುಕ್ ಹೀಗೆ ಮಾತಾಡುತ್ತದೆ:

```
10-01 BY TRF CANE BILL    2,31,000 Cr  2,40,400
10-01 TO SWEEP TRF TO FD  1,90,000 Dr    50,400
15-01 BY SWEEP FROM FD      20,000 Cr    70,400
15-01 TO CHQ                70,000 Dr       400
```

ಬ್ಯಾಂಕಿನಿಂದ ಬ್ಯಾಂಕಿಗೆ ಶಬ್ದ ಬೇರೆ ಇರಬಹುದು, ನಡಿಗೆ ಇದೇ. ಕೆಲವು ಬ್ಯಾಂಕುಗಳಲ್ಲಿ ಅದೇ ರಾತ್ರಿ ಸ್ವೀಪ್ ಆಗುತ್ತದೆ, ಕೆಲವು ಕಡೆ ವಾರಕ್ಕೊಂದು ಗೊತ್ತುಮಾಡಿದ ದಿನ. ಎರಡನೆಯ ಸಾಲು ನೋಡಿ. 2,40,400ರಲ್ಲಿ 50,000 ಬಿಟ್ಟರೆ 1,90,400. ಸಾವಿರದ ಲೆಕ್ಕವಾದ್ದರಿಂದ 1,90,000 ಹೋಯಿತು, ನಾಲ್ಕುನೂರು ಉಳಿಯಿತು. ಮೂರನೆಯ ಸಾಲಿನಲ್ಲಿ ಚೆಕ್ಕಿಗೆ ಕಡಿಮೆ ಬಿದ್ದದ್ದು 19,600, ಮುರಿದದ್ದು 20,000. ಹೀಗಾಗಿ ಕೊನೆಗೂ ಆ ನಾಲ್ಕುನೂರೇ ಉಳಿಯಿತು. ಗಣಿತದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಆದರೆ ರೈತನ ಮೊಬೈಲಿಗೆ ರಾತ್ರಿ ಬಂದ ಸಂದೇಶದಲ್ಲಿ ಗಣಿತ ಇರಲಿಲ್ಲ. ‘ನಿಮ್ಮ ಖಾತೆಯಿಂದ 1,90,000 ಕಡಿತ’ ಅಂತ ಇತ್ತು. ಹಗಲೆಲ್ಲ ‘ಸೈಬರ್ ಕಳ್ಳರಿದ್ದಾರೆ ಎಚ್ಚರ’ ಅಂತ ಸಂದೇಶ ಕಳಿಸುವ ಬ್ಯಾಂಕು ರಾತ್ರಿ ತಾನೇ ಈ ಸಂದೇಶ ಕಳಿಸಿ ನಿದ್ದೆ ಹೋಗುತ್ತದೆ. ಮರುದಿನ ಕೌಂಟರ್ ತೆರೆಯುವ ಮೊದಲೇ ರೈತ ಬಾಗಿಲಲ್ಲಿ.

“ಸಾಹೇಬ್ರ, ಒಂದ ಲಕ್ಷ ತೊಂಬತ್ತ ಸಾವಿರ ಯಾರ ತಗದಾರ್ರಿ?”

“ಯಾರೂ ತಗದಿಲ್ಲ ಕಾಕಾ. ನಿಮ್ಮ ರೊಕ್ಕ ನಿಮ್ಮ ಕಡೇನ ಹೋಗೇತಿ.”

“ನನ್ನ ಕಡೆ ಬಂದಿದ್ರ ನನಗ ಗೊತ್ತ ಆಗತಿತ್ತಿಲ್ರಿ?”

“ಸಿಸ್ಟಮ್ ಮಾಡೇತ್ರಿ.”

ಈ ಸಿಸ್ಟಮ್ಮನ್ನು ಇದುವರೆಗೆ ಯಾರೂ ಕಂಡವರಿಲ್ಲ. ಸಹಿ ಇಲ್ಲ, ಪಗಾರ ಇಲ್ಲ, ಬದಲಿ ವರ್ಗ ಇಲ್ಲ, ತಪ್ಪಾದರೆ ನೋಟೀಸಂತೂ ಇಲ್ಲವೇ ಇಲ್ಲ. ಕಳ್ಳತನವೋ ಸ್ವೀಪೋ ಎಂದು ಗುರುತಿಸಲು ಮಾತ್ರ ಸಿಸ್ಟಮ್ ಬೇಕಿಲ್ಲ, ಕಣ್ಣು ಸಾಕು. ಕಳ್ಳ ಸಾಮಾನ್ಯವಾಗಿ ಚಿಲ್ಲರೆ ಬಿಡುವುದಿಲ್ಲ. ಸ್ವೀಪ್ ಯಾವಾಗಲೂ ದುಂಡು ಸಾವಿರ ಒಯ್ದು, ಗೆರೆಯಷ್ಟು ರೊಕ್ಕ ಬಿಟ್ಟು ಹೋಗುತ್ತದೆ. ಎಂಟ್ರಿಯಲ್ಲಿ ಬೇರೆಯವರ ಹೆಸರಾಗಲಿ ಯುಪಿಐ ನಂಬರಾಗಲಿ ಇರುವುದಿಲ್ಲ, ಸ್ವೀಪ್ ಅಂತಲೋ ಎಫ್‌ಡಿ ಅಂತಲೋ ಇರುತ್ತದೆ. ಆ್ಯಪಿನಲ್ಲಿ ಠೇವಣಿಯ ಪುಟ ತೆರೆದರೆ ಅದೇ ತಾರೀಕಿಗೆ ಅಷ್ಟೇ ಮೊತ್ತದ ಹೊಸ ಠೇವಣಿ ಕೂತಿರುತ್ತದೆ. ಕೂತಿರದಿದ್ದರೆ ಕೌಂಟರಿನ ಸರದಿ ಬಿಟ್ಟು ಮೊದಲು 1930ಕ್ಕೆ ಫೋನು ಹಚ್ಚಬೇಕು.

ಇನ್ನು ಬಡ್ಡಿ. ಆ 20,000 ಠೇವಣಿಯಲ್ಲಿ ಇದ್ದದ್ದು ಐದು ದಿನ. ಮುದ್ದತಿ ಠೇವಣಿಗೆ ಕನಿಷ್ಠ ಏಳು ದಿನ ಆಗಬೇಕು, ಅದರೊಳಗೆ ಮುರಿದರೆ ಬಡ್ಡಿ ಸೊನ್ನೆ. ಅದೇ ರೊಕ್ಕ ಎಲ್ಲಿಗೂ ಹೋಗದೆ ಉಳಿತಾಯ ಖಾತೆಯಲ್ಲೇ ಬಿದ್ದುಕೊಂಡಿದ್ದರೆ ಎರಡೂವರೆ ಪರ್ಸೆಂಟಿನಂತೆ 6 ರೂಪಾಯಿ 85 ಪೈಸೆ ಬರುತ್ತಿತ್ತು. ಹೆಚ್ಚು ಬಡ್ಡಿಗೆಂದು ಓಡಿದ ರೊಕ್ಕ ಇದ್ದ ಬಡ್ಡಿಯನ್ನೂ ಕಳೆದುಕೊಂಡು ಮನೆಗೆ ಬಂತು. ನಷ್ಟ ಮೂಡಲಗಿ ಸ್ಟ್ಯಾಂಡಿನ ಒಂದು ಕಪ್ ಚಹಾಕ್ಕೂ ಸಾಲದು ಅನ್ನುವುದು ನಿಜ. ಆದರೆ ಆ ರಾತ್ರಿ ಕಾಕಾನ ಮನೆಯಲ್ಲಿ ನಿದ್ದೆ ಬಿಟ್ಟು ಕುಡಿದ ಚಹಾದ ಲೆಕ್ಕ ಯಾರು ಕೊಡುತ್ತಾರೆ?

ನೂರು ದಿನ ಕಳೆದವು ಅನ್ನಿ. ಏಪ್ರಿಲ್ 20ಕ್ಕೆ ಬೋರಿನ ಮೋಟರು ಸುಟ್ಟಿತು, 50,000 ಬೇಕು. ಖಾತೆಯಲ್ಲಿ ಅದೇ ನಾಲ್ಕುನೂರು. ಸಿಸ್ಟಮ್ ಠೇವಣಿಯಿಂದ 50,000 ಮುರಿದು ತಂದಿತು. ಗೋಡೆಯ ಬೋರ್ಡಿನಲ್ಲಿ ವರ್ಷಕ್ಕೆ 6.25 ಅಂತ ಇತ್ತಲ್ಲ, ಆ ಲೆಕ್ಕದಲ್ಲಿ ರೈತ 856 ರೂಪಾಯಿ ನಿರೀಕ್ಷಿಸಿದ. ಬಂದದ್ದು 616. ಯಾಕೆಂದರೆ ಮುರಿದ ಭಾಗಕ್ಕೆ ಬೋರ್ಡಿನ ದರ ಸಿಗುವುದಿಲ್ಲ, ರೊಕ್ಕ ನಿಜವಾಗಿ ಇದ್ದ ಅವಧಿಯ ದರ ಸಿಗುತ್ತದೆ. ನೂರು ದಿನಕ್ಕೆ 5 ಪರ್ಸೆಂಟ್ ಅಂತ ಹಿಡಿದರೆ, ಅವಧಿಗೆ ಮೊದಲು ಮುರಿದ ದಂಡ ಅರ್ಧ ಪರ್ಸೆಂಟ್ ಕಳೆದು ನಾಲ್ಕೂವರೆ. ನ್ಯಾಯವಾಗಿ ಹೇಳಬೇಕೆಂದರೆ ಉಳಿತಾಯ ಖಾತೆಯಲ್ಲೇ ಇದ್ದಿದ್ದರೆ 342 ಮಾತ್ರ ಬರುತ್ತಿತ್ತು, ಆದ್ದರಿಂದ ಕಾಕಾ 274 ರೂಪಾಯಿ ಮುಂದಿದ್ದಾನೆ. ಮುರಿಯದೆ ಉಳಿದ 1,20,000ಕ್ಕೆ ಹಳೆಯ ದರವೇ ನಡೆಯುತ್ತದೆ. ಸ್ವೀಪಿನ ನಿಜವಾದ ಲಾಭ ಇರುವುದು ಇಲ್ಲಿ: ಸಾದಾ ಎಫ್‌ಡಿಯಾಗಿದ್ದರೆ ಮೋಟರಿನ ಸಲುವಾಗಿ ಪೂರ್ತಿ ಮುರಿಯಬೇಕಾಗುತ್ತಿತ್ತು. ಇದನ್ನು ಖಾತೆ ತೆರೆಯುವ ದಿನ ಎರಡು ಮಾತಿನಲ್ಲಿ ಹೇಳಬಹುದಿತ್ತು. ಆ ದಿನ ಸಾಹೇಬರು ವಿಮೆ ಪಾಲಿಸಿ ಮಾರುವುದರಲ್ಲಿ ಮಗ್ನರಾಗಿದ್ದರು.

ಪಾಸ್‌ಬುಕ್ಕಿನ ದೊಡ್ಡ ತಮಾಷೆ ಜಮೆಯ ಕಾಲಮ್ಮಿನಲ್ಲಿದೆ. ಬಿಲ್ಲಿನ 2,31,000, ವಾಪಸ್ ಬಂದ 20,000, ಮತ್ತೆ ಬಂದ 50,000 ಕೂಡಿಸಿ, 3,01,000 ಆಗುತ್ತದೆ. ಸಾಲದ ಅರ್ಜಿ ನೋಡುವವನು ಇಡೀ ಕಾಲಮ್ಮನ್ನು ಕೂಡಿಸಿದನೋ, ಕಾಕಾ ಹೆಚ್ಚುವರಿ ಒಂದು ಟನ್ನೂ ಬೆಳೆಯದೆ ಎಪ್ಪತ್ತು ಸಾವಿರ ಹೆಚ್ಚು ಗಳಿಸಿದವನಾಗುತ್ತಾನೆ. ಗಳಿಕೆ ತೋರಿಸಬೇಕಾದ ದಿನ ಇದು ವರ. ಯಾರಾದರೂ ಗಳಿಕೆ ಕೇಳಿದ ದಿನ ಶಾಪ. ಸ್ವೀಪಿನಿಂದ ಬಂದದ್ದು ವರಮಾನವಲ್ಲ, ವರಮಾನವಾಗುವುದು ಅದರ ಬಡ್ಡಿ ಮಾತ್ರ. ಅಲ್ಲೂ ಒಂದು ವಿಚಿತ್ರವಿದೆ. ಕಬ್ಬಿನ ರೊಕ್ಕ ಕೃಷಿ ಆದಾಯ, ಅದಕ್ಕೆ ತೆರಿಗೆ ಇಲ್ಲ. ಅದೇ ರೊಕ್ಕ ಠೇವಣಿಯಲ್ಲಿ ಹಡೆದ ಬಡ್ಡಿ ಕೃಷಿ ಆದಾಯ ಅಲ್ಲ. ಉಳಿತಾಯ ಖಾತೆಯ ಬಡ್ಡಿಗೆ ಹಳೆ ತೆರಿಗೆ ಪದ್ಧತಿಯಲ್ಲಿ ಇರುವ 10,000ದ ವಿನಾಯಿತಿ ಸಹ ಅದಕ್ಕೆ ಹತ್ತುವುದಿಲ್ಲ. ಬಾಗಿಲು ಉಳಿತಾಯ ಖಾತೆಯದೇ ಆದರೂ ಆದಾಯ ತೆರಿಗೆಯವರ ಕಣ್ಣಿಗೆ ಒಳಗಿರುವವನು ಬೇರೆ.

ಗೋಕಾಕದ ಕರದಂಟಿನ ಅಂಗಡಿಯವರ ಕಥೆ ಇನ್ನೊಂದು ನಮೂನೆ. ಸಂತೆ, ಹಬ್ಬ, ಫಾಲ್ಸ್ ನೋಡಲು ಬಂದ ಗಾಡಿಗಳ ವ್ಯಾಪಾರವೆಲ್ಲ ಉಳಿತಾಯ ಖಾತೆಗೇ ಬಂದು, ವಾರದೊಳಗೆ ಬೆಲ್ಲ, ಕೊಬ್ಬರಿ, ಗೋಡಂಬಿಯವರಿಗೆ ಹೊರಟುಹೋಗುತ್ತದೆ. ಕರದಂಟಿನಲ್ಲಿ ಅಂಟು ಇರುತ್ತದೆ, ಮಾಲೀಕರ ರೊಕ್ಕದಲ್ಲಿ ಇಲ್ಲ. ಬಹಳ ಕಡೆ ಕೊನೆಗೆ ಆದ ಠೇವಣಿಯನ್ನು ಮೊದಲು ಮುರಿಯುವ ಪದ್ಧತಿ ಇದೆ. ಹೀಗಾಗಿ ಹೊಸ ಠೇವಣಿ ಏಳು ದಿನ ಕಾಣದೆ ಮುರಿಯುತ್ತ, ಪಾಸ್‌ಬುಕ್ ಮಾತ್ರ ತುಂಬುತ್ತ ಹೋಗುತ್ತದೆ. ಆದರೂ ಅವರಿಗೆ ಇದೇ ಒಳ್ಳೆಯದು. ಮೊದಲು ಆದದ್ದನ್ನು ಮೊದಲು ಮುರಿಯುವ ಪದ್ಧತಿಯಾದರೆ, ತಿಂಗಳುಗಟ್ಟಲೆ ಬಡ್ಡಿ ಕಟ್ಟಿಕೊಂಡ ಹಳೆ ಠೇವಣಿಯೇ ಬೆಲ್ಲದವನ ಪಾಲಿಗೆ ಬಲಿ. ಯಾವ ಪದ್ಧತಿ ಅಂತ ಕೇಳಿದರೆ ಹೇಳುತ್ತಾರೆ. ಕೇಳಬೇಕೆಂದು ಯಾರೂ ಹೇಳುವುದಿಲ್ಲ.

ಹುಕ್ಕೇರಿಯ ಬಾಯಾರ ಖಾತೆಗೆ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ, ಬಂದಾಗ. ಐವತ್ತು ಸಾವಿರದ ಗೆರೆ ಅಲ್ಲಿಂದ ಹಿಡಕಲ್ ಡ್ಯಾಮಿನಷ್ಟು ಎತ್ತರ. ಅವರ ಪಾಸ್‌ಬುಕ್ ಕನ್ನಡಿಯಷ್ಟು ಸ್ವಚ್ಛ, ಸ್ವೀಪ್ ಮಾಡಲು ಕಸವೇ ಇಲ್ಲ. ಇನ್ನು ರೊಕ್ಕವೆಲ್ಲ ಊರಿನ ಸೊಸೈಟಿಯಲ್ಲಿ ಇಟ್ಟವರಿಗೆ ಈ ಗೊಂದಲವೇ ಇಲ್ಲ. ಬ್ಯಾಂಕಿನಲ್ಲಾದರೆ ಉಳಿತಾಯ, ಸ್ವೀಪ್ ಎರಡೂ ಸೇರಿ ಐದು ಲಕ್ಷದವರೆಗೆ ವಿಮೆ ಇದೆ. ಸೊಸೈಟಿಗೆ ಆ ವಿಮೆ ಇಲ್ಲ, ಅಲ್ಲಿ ರೊಕ್ಕ ಹೊರಟುಹೋದರೆ ಎಂಟ್ರಿಯೂ ಬೀಳುವುದಿಲ್ಲ.

ಕಾಕಾ ಈಗ ಒಂದು ನಿರ್ಧಾರಕ್ಕೆ ಬಂದಿದ್ದಾನೆ. ಸ್ವೀಪ್ ಇರಲಿ, ಗೆರೆ ಮಾತ್ರ ಒಂದು ಲಕ್ಷಕ್ಕೆ ಏರಿಸಬೇಕು. ಆಗ ಜನವರಿಯ ಚೆಕ್ಕಿಗೆ ಠೇವಣಿ ಮುಟ್ಟಬೇಕಾಗುತ್ತಲೇ ಇರಲಿಲ್ಲ. ಬುದ್ಧಿವಂತಿಕೆಯ ಮಾತು. ಬಹಳ ಬ್ಯಾಂಕುಗಳಲ್ಲಿ ಗೆರೆಯನ್ನು ಖಾತೆದಾರ ಬೇಕಾದಷ್ಟು ಮೇಲಕ್ಕೆ ಒಯ್ಯಬಹುದು, ಕೆಳಗೆ ಇಳಿಸುವಂತಿಲ್ಲ. ಅದನ್ನೇ ಹೇಳಲು ಕೌಂಟರಿಗೆ ಹೋದ.

“ಅರ್ಜಿ ಬರೀರಿ ಕಾಕಾ. ಆಧಾರ್ ಝೆರಾಕ್ಸ್, ಪ್ಯಾನ್ ಝೆರಾಕ್ಸ್, ಪಾಸ್‌ಬುಕ್ ಮೊದಲನೇ ಪಾನು.”

“ಚಾಲೂ ಮಾಡೂಮುಂದ ಇದೆಲ್ಲ ಕೇಳಿರಲಿಲ್ಲಲ್ರಿ.”

“ಅದನ್ನ ಸಿಸ್ಟಮ್ ಮಾಡಿತ್ರಿ. ಇದನ್ನ ಮ್ಯಾನೇಜರ್ ಮಾಡಬೇಕು. ಅವರು ರಜಾ ಅದಾರ.”