ಭಾವನ ಆಡಿಟ್

ಗುಬ್ಬಿಯಿಂದ ನಮ್ಮ ಭಾವ ತುಮಕೂರಿಗೆ ಬಂದರೆ ಕಾಫಿಗಿಂತ ಮೊದಲು ಕೆಂಪು ಪೆನ್ನು ಕೇಳುತ್ತಾರೆ. ಆಮೇಲೆ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟನ್ನು ಗಂಡಿನ ಜಾತಕದ ಹಾಗೆ ಹರಡಿಕೊಂಡು ದೋಷ ಹುಡುಕುತ್ತಾ ಕೂರುತ್ತಾರೆ.

ಈ ಸಲ ಕುಣಿಗಲ್‌ನ ಬಂಕಿನ 1,000 ರೂಪಾಯಿ ಒಂದೇ ತಾರೀಖಿಗೆ ಎರಡು ಸಲ ಬಿದ್ದಿತ್ತು. "ಡಬಲ್ ಉಜ್ಜಿದಾರೆ ಕಣ್ರೀ!" ಎಂದಳು ಅಕ್ಕ. ಭಾವ ಜೇಬಿನಿಂದ ಚೀಟಿಗಳನ್ನು ತೆಗೆದರು. ಹೊತ್ತು ಬೇರೆ, ಅಪ್ರೂವಲ್ ಕೋಡೂ ಬೇರೆ. "ಬೆಳಗ್ಗೆದು ನಂದು, ರಾತ್ರಿದು ನಿನ್ನ ಮಗಂದು." ಅಳಿಯರಾಯ ಮೆಲ್ಲಗೆ ಹಿತ್ತಲ ಕಡೆ ನಡೆದ.

ನಿಜವಾದ ಬೇಟೆ ಸಿಕ್ಕಿದ್ದು ಕೆಳಗಿನ ಸಾಲಲ್ಲಿ. ಬಿಲ್ ಕಟ್ಟುವ ಕೊನೆ ದಿನ 5, ಭಾವ ಕಟ್ಟಿದ್ದು 7ಕ್ಕೆ. ತಡವಾಯಿತೆಂದು 500 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 90. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಕೊನೆ ದಿನ ಕಳೆದು ಮೂರು ದಿನ ದಾಟಿದ ಮೇಲಷ್ಟೇ ಲೇಟ್ ಫೀ ಹಾಕಬೇಕು. ಅದೂ ಉಳಿದ ಬಾಕಿಯ ಮೇಲೆ, ಇಡೀ ಬಿಲ್ಲಿನ ಮೇಲಲ್ಲ. ಬಡ್ಡಿಗೆ ಈ ದಾಕ್ಷಿಣ್ಯವಿಲ್ಲ. ಕೊನೆ ದಿನದೊಳಗೆ ಬಿಲ್ ಪೂರ್ತಿ ಕಟ್ಟದಿದ್ದರೆ ಅದು ಸಾಮಾನು ಕೊಂಡ ದಿನದಿಂದಲೇ ಎಣಿಕೆ ಶುರುಮಾಡುತ್ತದೆ. ಹಾಗಾಗಿ ಬಡ್ಡಿಯ ತಂಟೆಗೆ ಭಾವ ಹೋಗಲಿಲ್ಲ.

ಫೀ ಬಗ್ಗೆ ಮಾತ್ರ ಲಿಖಿತ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಂಡರು. ಮುಂದಿನ ತಿಂಗಳು 500 ವಾಪಸ್ ಬಂತು. ಅಕ್ಕ ಪಾಯಸಕ್ಕೆ ಹಾಲಿಟ್ಟಳು.

"ಒಲೆ ಆರಿಸು. ಫೀಯೇ ತಪ್ಪು ಅಂದ್ಮೇಲೆ ಅದರ ಜಿಎಸ್‌ಟಿ 90 ಎಲ್ಲಿ?" ಎಂದು ಭಾವ ಮತ್ತೆ ಫೋನೆತ್ತಿದರು.