ರೇಟು ರಾಯರು

ಶ್ರವಣಬೆಳಗೊಳದ ಕಲ್ಯಾಣಿಯ ಸೋಪಾನಗಳ ಮೇಲೆ ಸಾಯಂಕಾಲ ಗಾಳಿಗೆಂದು ಕುಳಿತವರಲ್ಲಿ ಒಬ್ಬರಾದರೂ ರೇಟು ರಾಯರಾಗಿರದೆ ಇರುವುದಿಲ್ಲ. ನಾನು ಬಲ್ಲ ರಾಯರು ನಿವೃತ್ತ ಗುಮಾಸ್ತರು. ಪ್ರಪಂಚದ ಪ್ರತಿಯೊಂದು ಪದಾರ್ಥಕ್ಕೂ ಎರಡು ದರಗಳುಂಟು, ಒಂದು ಸಾಮಾನ್ಯ ಜನರಿಗೆ, ಇನ್ನೊಂದು ತಮಗೆ ಎಂಬುದು ಅವರ ಜೀವನಸಿದ್ಧಾಂತ. ಬದನೆಕಾಯಿಯಲ್ಲಿ ನಾಲ್ಕು ರೂಪಾಯಿ ಉಳಿಸುವುದಕ್ಕಾಗಿ ಬಸ್ಸಿನಲ್ಲಿ ಚನ್ನರಾಯಪಟ್ಟಣದ ಸಂತೆಗೆ ಹೋಗಿ ಬರುವ ಅವರನ್ನು ಬಸ್ಸಿನ ಚಾರ್ಜು ಎಷ್ಟಾಯಿತೆಂದು ಕೇಳುವಷ್ಟು ಅವಿನಯ ನಮ್ಮಲ್ಲಿ ಯಾರಿಗೂ ಇಲ್ಲ.

ಕಳೆದ ವರ್ಷ ಅಮೆರಿಕದಿಂದ ಬಂದ ಸೋದರಳಿಯನು ಕಾಲಿಗೆ ನಮಸ್ಕರಿಸಿ 300 ಡಾಲರುಗಳನ್ನು ಕೈಯಲ್ಲಿಟ್ಟನು. ಬ್ಯಾಂಕಿನವರು ಅಂದು ಡಾಲರೊಂದಕ್ಕೆ 85 ರೂಪಾಯಿ ಕೊಡುತ್ತಿದ್ದರು. ಕೊಳ್ಳಬಂದವರಿಗೆ 87ಕ್ಕೆ ಮಾರುತ್ತಿದ್ದರು. ರಾಯರಾದರೋ ಬೆಂಗಳೂರಿಗೆ ತೆರಳಿ, ಮೆಜೆಸ್ಟಿಕ್ಕಿನ ಕಾಲುದಾರಿಯಲ್ಲಿ ಕಿವಿಯ ಬಳಿಗೆ ಬಾಗಿ "95 ಕೊಡುತ್ತೇನೆ" ಎಂದುಸುರಿದ ಪುಣ್ಯಾತ್ಮನೊಬ್ಬನನ್ನು ಕಂಡುಕೊಂಡರು. ಲೆಕ್ಕಕ್ಕೆ 28,500 ರೂಪಾಯಿ, ಎಂದರೆ ಐನೂರರ 57 ನೋಟುಗಳು. ರಾಯರು ತಾವೇ ಎಣಿಸಿದರು. ಒಂದು ಕಡಿಮೆ ಇತ್ತು. ಆತನು ಬಹಳ ನೊಂದುಕೊಂಡು, ಕಟ್ಟನ್ನು ಹಿಂದಕ್ಕೆ ಪಡೆದು, ಅವರ ಕಣ್ಣೆದುರಿಗೇ ಮತ್ತೊಂದು ನೋಟನ್ನು ಸೇರಿಸಿ, ಮಡಿಸಿ, ರಬ್ಬರು ಹಾಕಿ ಕೊಟ್ಟನು. ಎಣಿಸಿಯಾದ ಹಣವನ್ನು ಮತ್ತೆ ಎಣಿಸುವುದುಂಟೆ? ಬಸ್ಸು ನೆಲಮಂಗಲ ದಾಟಿದ ಮೇಲೆ ರಬ್ಬರು ಬಿಚ್ಚಿ ನೋಡಲಾಗಿ ಅದರಲ್ಲಿ 40 ನೋಟುಗಳಿದ್ದವು. 3,000 ರೂಪಾಯಿ ಹೆಚ್ಚು ಗಳಿಸಹೋದವರು ಬ್ಯಾಂಕಿಗಿಂತ 5,500 ರೂಪಾಯಿ ಕಡಿಮೆ ತಂದಿದ್ದರು.

ಈ ವೃತ್ತಾಂತವನ್ನು ದೊಡ್ಡಬೆಟ್ಟದ ಬುಡದಲ್ಲಿ ಎಳನೀರು ಮಾರುವ ಹೆಂಗಸು ಕೇಳಿ, ಮಚ್ಚನ್ನು ಕೆಳಗಿಡದೆಯೇ ಹೇಳಿದಳು: "ಅಲ್ಲ ರಾಯ್ರೇ, ತಿಪಟೂರು ಮಾರ್ಕೆಟ್ಟಲ್ಲಿ ಬೇಕಾದಷ್ಟು ಸಿಗೋ ಕೊಬ್ಬರೀನ ಯಾವನಾದ್ರೂ ನನ್ನ ಹತ್ರ ಬಂದು ಜಾಸ್ತಿ ದುಡ್ಡು ಕೊಟ್ಟು ತಗೋತೀನಿ ಅಂದ್ರೆ, ಅವನಿಗೆ ಹುಚ್ಚಿರಬೇಕು, ಇಲ್ಲ ಅವನ ತಕ್ಕಡಿ ಸುಳ್ಳಿರಬೇಕು." ಪರೀಕ್ಷೆ ಎಂದರೆ ಇಷ್ಟೆ. 87ಕ್ಕೆ ದೊರೆಯುವ ಡಾಲರಿಗೆ 95 ತೆರುವವನು ಡಾಲರಿಗೆ 8 ರೂಪಾಯಿಯಂತೆ 300 ಡಾಲರಿಗೆ 2,400 ರೂಪಾಯಿಗಳನ್ನು ಧರ್ಮಕ್ಕೆ ಬಿಡಬೇಕು. ಬಿಡುವವನಲ್ಲವಾದರೆ ಅದನ್ನು ಎಣಿಕೆಯಲ್ಲೋ ಖೋಟಾ ನೋಟಿನಲ್ಲೋ ವಸೂಲು ಮಾಡಬೇಕು. ಆದರೆ ಈ ತಕ್ಕಡಿಗೂ ಒಂದು ಮಿತಿಯುಂಟು: ಲೈಸೆನ್ಸುಳ್ಳ ಅಂಗಡಿಯವನು ಬ್ಯಾಂಕಿಗಿಂತ ಮೂವತ್ತು ನಲವತ್ತು ಪೈಸೆ ಹೆಚ್ಚು ಕೊಟ್ಟರೆ ಅದು ಕೇವಲ ವ್ಯಾಪಾರ; ಬ್ಯಾಂಕು ಕೊಳ್ಳುವ ಮತ್ತು ಮಾರುವ ದರಗಳ ನಡುವಣ ಅಂತರವನ್ನು ದಾಟಿದಾಗ ಮಾತ್ರ ಅನುಮಾನಕ್ಕೆ ಆಸ್ಪದ.

ರಾಯರು ಇದರಿಂದ ಬುದ್ಧಿ ಕಲಿತರು. ಇನ್ನು ಮುಂದೆ ಕಾಲುದಾರಿಯ ಸಹವಾಸ ಬೇಡವೆಂದು ನಿಶ್ಚಯಿಸಿ ಮೊಬೈಲಿನಲ್ಲಿ ಫಾರೆಕ್ಸು ವ್ಯಾಪಾರಕ್ಕೆ ಇಳಿದರು. ದಿನಕ್ಕೆ ನೂರಕ್ಕೆ ಎರಡು ಲಾಭ, ಅಸಲಿಗೆ ಸೇರುತ್ತಲೇ ಹೋಗುವುದು, ನಷ್ಟವೆಂಬ ಮಾತೇ ಇಲ್ಲ. ನಾನು ಮದುವೆಯ ಕರೆಯೋಲೆಯೊಂದರ ಬೆನ್ನಿನ ಮೇಲೆ ಪೆನ್ಸಿಲು ಹಿಡಿದೆನು. ಈ ದರದಲ್ಲಿ ಹಣವು 35 ದಿನಗಳಿಗೆ ಇಮ್ಮಡಿಯಾಗುತ್ತದೆ. ರಜೆಗಳನ್ನು ಕಳೆದು ವರ್ಷಕ್ಕೆ 245 ದಿನ ಪೇಟೆ ತೆರೆದಿರುವುದೆಂದರೆ ಏಳು ಇಮ್ಮಡಿ: ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು, ನೂರ ಇಪ್ಪತ್ತೆಂಟು. ರಾಯರ ಒಂದು ಲಕ್ಷವು ವರ್ಷಾಂತ್ಯಕ್ಕೆ 1 ಕೋಟಿ 28 ಲಕ್ಷ. ಎರಡನೆಯ ವರ್ಷಕ್ಕೆ ಸುಮಾರು 164 ಕೋಟಿ. ಮೂರನೆಯದಕ್ಕೆ ಇಪ್ಪತ್ತು ಸಾವಿರ ಕೋಟಿಗೂ ಮಿಗಿಲು. ಈ ವಿದ್ಯೆಯನ್ನರಿತ ಮಹಾನುಭಾವನು ಬೆಳಗೊಳದ ಪಿಂಚಣಿದಾರನ ಒಂದು ಲಕ್ಷಕ್ಕೆ ಏಕೆ ಕೈಯೊಡ್ಡುತ್ತಾನೆ?

"ಮೊನ್ನೆ 5,000 ವಾಪಸು ಬಂತಲ್ಲ!" ಎಂದು ರಾಯರು ಗರ್ಜಿಸಿದರು. ಬಂದಿತ್ತು, ನಿಜ, ಗಾಳಕ್ಕೆ ಎರೆಹುಳು ಇರಲೇಬೇಕು. ಆದರೆ ಮುಂದಿನ ವಾರ 2 ಲಕ್ಷ ತೆಗೆಯಹೋದಾಗ, 40,000 ರೂಪಾಯಿ "ತೆರಿಗೆ"ಯನ್ನು ಮೊದಲು ಕಟ್ಟಬೇಕೆಂದು ಸಂದೇಶ ಬಂದಿತು. ಆ ಎರಡು ಲಕ್ಷದಲ್ಲಿಯೇ ಹಿಡಿದುಕೊಂಡು 1,60,000 ಕಳುಹಿಸಿರೆಂದು ನಾನು ಅವರಿಂದ ಬರೆಯಿಸಿದೆನು. ಉತ್ತರ ಬರಲಿಲ್ಲ; ಕಳೆಯಲು ಬಾರದ ಮೊತ್ತವು ಪರದೆಯ ಮೇಲಣ ಚಿತ್ರವೇ ಹೊರತು ಹಣವಲ್ಲವಷ್ಟೆ. 2022ರಿಂದ ರಿಸರ್ವ್ ಬ್ಯಾಂಕು ಇಂಥ ಅನಧಿಕೃತ ಸಂಸ್ಥೆಗಳ ಎಚ್ಚರಿಕೆಯ ಪಟ್ಟಿಯನ್ನು ಪ್ರಕಟಿಸುತ್ತಿದೆ. ಪಟ್ಟಿಯಲ್ಲಿ ತಮ್ಮ ಕಂಪನಿಯ ಹೆಸರಿಲ್ಲವೆಂದು ರಾಯರು ಹಿಗ್ಗಿದರು; ಅದರಲ್ಲಿ ಇಲ್ಲದಿರುವುದು ಅನುಮತಿಯಲ್ಲವೆಂದು ಬ್ಯಾಂಕು ಅಲ್ಲಿಯೇ ಹೇಳಿರುವುದನ್ನು ಓದಿಸಬೇಕಾಯಿತು.

ಕೊನೆಯ ಅಸ್ತ್ರವಾಗಿ ರಾಯರು ಬೆಟ್ಟದ ಕಡೆಗೆ ಕೈಮಾಡಿದರು. ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟನ ಪಾದ ಮುಟ್ಟದಿರಲು ಗುಳ್ಳಕಾಯಜ್ಜಿಯ ಚಿಪ್ಪಿನಷ್ಟು ಹಾಲು ಮುಡಿಯಿಂದ ಅಡಿಯವರೆಗೆ ಹರಿಯಲಿಲ್ಲವೆ? ಅಲ್ಪವು ಅನಂತವಾಗದೆಂದು ಯಾವ ಗಣಿತ ಹೇಳೀತು?

"ಅಜ್ಜಿ ತನ್ನ ಹಾಲನ್ನೇ ತಂದಿದ್ಲು ರಾಯ್ರೇ, ನಿಮ್ಮನೇದು ಕೇಳ್ಲಿಲ್ಲ" ಎಂದು ಎಳನೀರಿನವಳು ಕಾಯಿಯ ತಲೆ ಹಾರಿಸಿದಳು.

ರಾಯರು ಕ್ಷಣಕಾಲ ಮೌನವಾಗಿ ಕುಡಿದು, ಬುರುಡೆಯನ್ನು ಕೆಳಗಿಟ್ಟು, ಐದು ರೂಪಾಯಿ ಕಡಿಮೆ ಮಾಡಿಕೊಳ್ಳೆಂದರು.