ಷರಾ ಕಾಲಮಿನಲ್ಲಿ ಕುಳಿತವರು

ವರ್ಗಾವಣೆ ಆದೇಶವೆಂಬುದು ಕನ್ನಡ ಗದ್ಯದ ಒಂದು ಪ್ರತ್ಯೇಕ ಪ್ರಕಾರವಾಗಿದ್ದು, ಸಾಹಿತ್ಯ ಚರಿತ್ರೆಕಾರರು ಅದರತ್ತ ಕಣ್ಣು ಹಾಯಿಸದೆ ಹೋದದ್ದು ಆ ಪ್ರಕಾರದ ದುರದೃಷ್ಟವೋ ಚರಿತ್ರೆಕಾರರ ಅದೃಷ್ಟವೋ ಹೇಳುವುದು ಕಷ್ಟ. ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂಬ ಶೀರ್ಷಿಕೆಯಿಂದ ಅದು ತೊಡಗುತ್ತದೆ; ವಿಷಯ, ‘ಓದಲಾಗಿದೆ’ ಎಂಬ ಉಲ್ಲೇಖಗಳ ಸಾಲು, ಪ್ರಸ್ತಾವನೆ ಇವುಗಳನ್ನು ದಾಟಿ ಆದೇಶದ ಕೋಷ್ಟಕಕ್ಕೆ ಬರುತ್ತದೆ; ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ ಅಧೀನ ಕಾರ್ಯದರ್ಶಿಯೊಬ್ಬರು ಸಹಿ ಹಾಕಿದ ಮೇಲೆ, ಮಹಾಲೇಖಪಾಲರಿಂದ ಹಿಡಿದು ಶಾಖೆಯ ರಕ್ಷಾ ಕಡತದವರೆಗೆ ಪ್ರತಿಗಳನ್ನು ಹಂಚಿ ಮುಗಿಯುತ್ತದೆ. ಇಷ್ಟು ದೀರ್ಘವಾದ ಈ ಕೃತಿಯಿಂದ ನಾಲ್ಕೇ ನಾಲ್ಕು ಸಂಗತಿಗಳನ್ನು, ಅಂದರೆ ನೌಕರ ಯಾರು, ಎಲ್ಲಿದ್ದರು, ಎಲ್ಲಿಗೆ ಹೋಗಬೇಕು, ಯಾವಾಗಿನೊಳಗೆ ಹೋಗಬೇಕು ಎಂಬುವನ್ನು ಹೆಕ್ಕಿ ಎಕ್ಸೆಲ್ ಹಾಳೆಯೊಂದರಲ್ಲಿ ತುಂಬುವ ವ್ಯಕ್ತಿಯನ್ನು ಇಲ್ಲಿ ಪಟ್ಟಿಕಾರನೆಂದು ಕರೆಯಲಾಗಿದೆ. ಕಚೇರಿಯ ಭಾಷೆಯಲ್ಲಿ ಆತ ಸಿಬ್ಬಂದಿ ಶಾಖೆಯ ವಿಷಯ ನಿರ್ವಾಹಕ. ಆತನ ಹಾಳೆಯನ್ನು ಬಾಗಿಲ ಬಳಿಯ ಚಲನವಲನ ವಹಿಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಆ ವಹಿಯಲ್ಲಿ ದಾಖಲಾಗುವುದು ಖಜಾನೆಗೆಂದು ಬರೆದು ಕಾಫಿಗೆ ಹೋದವರ ಪ್ರಯಾಣ ಮಾತ್ರ.

ಪಟ್ಟಿಕಾರನ ಸ್ವಭಾವದ ಬಗೆಗೆ ಒಂದು ಮಾತು ಇಲ್ಲಿ ಅಗತ್ಯ. ಬಿಡುಗಡೆಯಾದವರಿಗೆ ಹಸಿರು, ಬಿಡುಗಡೆಯಾಗದವರಿಗೆ ಹಳದಿ, ಗಡುವು ಮೀರಿದವರಿಗೆ ಕುಂಕುಮದ ಕೆಂಪು ಬಳಿದ ತನ್ನ ಹಾಳೆಯನ್ನು ಸಂಜೆ ಆರರ ನಂತರವೂ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಜಾರಿಸಿ ನೋಡುತ್ತ ಕುಳಿತಿರುವ ಈತನ ಆನಂದವನ್ನು ಸಹೋದ್ಯೋಗಿಗಳು ಹುಚ್ಚೆಂದು ಬಗೆದರೆ ಅವರನ್ನು ಪೂರ್ತಿ ತಪ್ಪಿತಸ್ಥರೆನ್ನಲಾಗದು. ಆತನಿಗೂ ಅದು ಗೊತ್ತು, ಗೊತ್ತಿದ್ದೂ ಮರುದಿನ ಇನ್ನೊಂದು ಬಣ್ಣ ಸೇರಿಸುತ್ತಾನೆ.

ಮೊದಲ ಕಾಲಂ ಹೆಸರಿನದು, ಮೊದಲ ವಿಘ್ನವೂ ಅಲ್ಲಿಯದೇ. ಆದೇಶವು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪಾಗಿದ್ದರೆ, ಪಿಡಿಎಫ್‌ನಿಂದ ನಕಲಿಸಿ ಹಾಳೆಗೆ ಅಂಟಿಸಿದ ಕೂಡಲೇ ಶ್ರೀಯುತರೆಲ್ಲರೂ `²æÃ` ಆಗಿ ರೂಪಾಂತರ ಹೊಂದುತ್ತಾರೆ. ಏಕೆಂದರೆ ಆ ಶೈಲಿಯಲ್ಲಿ ಕನ್ನಡದ ಆಕಾರಗಳು ಪರಭಾಷೆಯ ಅಕ್ಷರಗಳ ಸಂಕೇತಗಳ ಮೇಲೆ ಕುಳಿತಿರುತ್ತವೆ. ಯೂನಿಕೋಡಿಗೆ ಪರಿವರ್ತಿಸಿದ ಬಳಿಕವೂ ಅರ್ಕಾವೊತ್ತು ಸ್ಥಳ ಬದಲಿಸಿದೆಯೇ ಎಂದು ಒಂದೊಂದು ಹೆಸರನ್ನೂ ಮೂಲದೊಡನೆ ತಾಳೆ ನೋಡಬೇಕು. ಒಂದೇ ಹೆಸರಿನ, ಒಂದೇ ಇನಿಷಿಯಲ್‌ನ ಇಬ್ಬರು ಒಂದೇ ಇಲಾಖೆಯಲ್ಲಿರುವುದು ಅಪರೂಪವಲ್ಲವಾದ್ದರಿಂದ, ಹೆಸರಿನ ಪಕ್ಕದಲ್ಲಿ ಕೆಜಿಐಡಿ ಸಂಖ್ಯೆ, ಅಂದರೆ ಸರ್ಕಾರಿ ವಿಮಾ ಇಲಾಖೆಯ ಪಾಲಿಸಿಯಿಂದ ಬಂದು ನೌಕರನ ಗುರುತಾಗಿಯೇ ನಿಂತುಬಿಟ್ಟ ಸಂಖ್ಯೆ, ಇರಲೇಬೇಕು. ಸ್ಥಳದ ವಿಷಯವೂ ಹೀಗೆಯೇ: ‘ಕೊಪ್ಪ’ ಎಂದಷ್ಟೇ ಬರೆದ ಆದೇಶ ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕನ್ನು ಹೇಳುತ್ತಿದೆಯೋ ಮದ್ದೂರು ತಾಲ್ಲೂಕಿನ ಹೋಬಳಿಯನ್ನು ಹೇಳುತ್ತಿದೆಯೋ ಎಂಬುದನ್ನು ಬರೆದವರು ಊಹೆಗೆ ಬಿಟ್ಟಿರುತ್ತಾರೆ, ಮತ್ತು ಎರಡರ ನಡುವೆ ಒಂದು ಘಟ್ಟದ ಸೀಮೆಯೇ ಇದೆ. ‘ಪ್ರಸ್ತುತ ಕಾರ್ಯನಿರ್ವಹಿಸುತ್ತಿರುವ ಸ್ಥಳ’ ಎಂಬ ಕಾಲಮಿನಲ್ಲಿ ನಿಯೋಜನೆಯ ಮೇಲೆ ಕೆಲಸ ಮಾಡುತ್ತಿರುವ ಕಚೇರಿಯ ಹೆಸರಿದ್ದರಂತೂ ಎಚ್ಚರ ವಹಿಸಬೇಕು. ಹುದ್ದೆ ತೆರವಾಗುವುದು ಸಂಬಳ ಬರುವ ಮೂಲ ಕಚೇರಿಯಲ್ಲೇ ಹೊರತು ಕುರ್ಚಿ ಹಾಕಿಕೊಂಡಿರುವ ಕಚೇರಿಯಲ್ಲಲ್ಲ.

ಇವೆಲ್ಲ ಸಾಮಾನ್ಯ ವಿದ್ಯೆ. ಶಾಸ್ತ್ರದ ನಿಜವಾದ ಗರ್ಭಗುಡಿ ಇರುವುದು ಕೋಷ್ಟಕದ ಕೊನೆಯ, ಅತ್ಯಂತ ಇಕ್ಕಟ್ಟಾದ, ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರುವ ಕಾಲಮಿನಲ್ಲಿ. ಅದಕ್ಕೆ ಷರಾ ಎಂದು ಹೆಸರು; ಉಳಿದ ಕಾಲಂಗಳಲ್ಲಿ ಹೇಳಲಾಗದ್ದನ್ನು ಅಥವಾ ಹೇಳಲು ಸಂಕೋಚವಾದದ್ದನ್ನು ಅಲ್ಲಿ ಬರೆಯಲಾಗುತ್ತದೆ. ‘ಖಾಲಿ ಹುದ್ದೆಗೆ’ ಎಂದಿದ್ದರೆ ಪಟ್ಟಿಕಾರ ನೆಮ್ಮದಿಯಿಂದ ಮುಂದಿನ ಸಾಲಿಗೆ ಹೋಗಬಹುದು. ‘ಶ್ರೀ ಇಂಥವರ ಜಾಗಕ್ಕೆ’ ಎಂದಿದ್ದರೆ ಹೋಗಲಾಗದು.

ಇಂಜಿನಿಯರಿಂಗ್ ಇಲಾಖೆಯೊಂದರ ಕಲ್ಪಿತ ಆದೇಶವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕ್ರಮ ಸಂಖ್ಯೆ 1ರಲ್ಲಿ ‘ಕ’ ಎಂಬ ಸಹಾಯಕ ಇಂಜಿನಿಯರ್ ತಿಪಟೂರಿನಿಂದ ಅರಸೀಕೆರೆಗೆ, ಷರಾ: ‘ಖ’ ಇವರ ಜಾಗಕ್ಕೆ. ಕ್ರಮ ಸಂಖ್ಯೆ 2ರಲ್ಲಿ ‘ಖ’ ಅರಸೀಕೆರೆಯಿಂದ ಕಡೂರಿಗೆ, ಷರಾ: ‘ಗ’ ಇವರ ಜಾಗಕ್ಕೆ. ಕ್ರಮ ಸಂಖ್ಯೆ 3ರಲ್ಲಿ ‘ಗ’ ಕಡೂರಿನಿಂದ ತರೀಕೆರೆಗೆ, ಷರಾ: ‘ಘ’ ಇವರ ಜಾಗಕ್ಕೆ. ಆದೇಶ ಇಲ್ಲಿಗೆ ಮುಗಿಯುತ್ತದೆ, ರಾಜ್ಯಪಾಲರ ಹೆಸರು ಬರುತ್ತದೆ, ಸಹಿ ಬೀಳುತ್ತದೆ. ಸಾಲುಗಳು 3, ಆದುದರಿಂದ ನೌಕರರು 3 ಎಂದು ನಮೂದಿಸಿ ಹಾಳೆ ಮುಚ್ಚುವುದು ಸಾಮಾನ್ಯರ ಪದ್ಧತಿ. ಆದರೆ ಈ ಆದೇಶದಿಂದ ಕದಲುವವರು 4 ಮಂದಿ. ‘ಘ’ ಎಂಬ ಮನುಷ್ಯ ಹೆಸರಿನ ಕಾಲಮಿನಲ್ಲಿಲ್ಲ, ಹಳೆಯ ಸ್ಥಳದ ಕಾಲಮಿನಲ್ಲಿಲ್ಲ, ಹೊಸ ಸ್ಥಳದ ಕಾಲಮಿನಲ್ಲಂತೂ ಇಲ್ಲವೇ ಇಲ್ಲ. ಇನ್ನೊಬ್ಬರ ಸಾಲಿನ ಷರಾದಲ್ಲಿ, ಷಷ್ಠೀ ವಿಭಕ್ತಿಯಲ್ಲಿ ಮಾತ್ರ ಆತನ ಅಸ್ತಿತ್ವ.

ಈ ಸರಪಣಿಯ ಚಲನೆಯನ್ನು ಪಟ್ಟಿಕಾರ ಹಿಂದಿನಿಂದ ಮುಂದಕ್ಕೆ ಓದುತ್ತಾನೆ. ‘ಘ’ ಏಳದೆ ‘ಗ’ ಕೂರುವಂತಿಲ್ಲ, ‘ಗ’ ಬಾರದೆ ತರೀಕೆರೆಯವರು ‘ಘ’ನನ್ನು ಬಿಡುವಂತಿಲ್ಲ, ಕಡೂರಿನವರು ‘ಖ’ ಬಂದ ಮೇಲೆಯೇ ‘ಗ’ನನ್ನು ಕಳಿಸುವುದೆನ್ನುತ್ತಾರೆ, ಅರಸೀಕೆರೆಯವರು ‘ಕ’ನ ಮುಖ ಕಾಣದೆ ‘ಖ’ನ ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದಿಲ್ಲ, ತಿಪಟೂರಿನವರಿಗೆ ‘ಕ’ನ ಬದಲಿಗೆ ಯಾರೂ ಬರುವವರಿಲ್ಲವಾದ್ದರಿಂದ ಅವರು ಯಾರಿಗಾಗಿ ಕಾಯಬೇಕೆಂದು ತಿಳಿಯದೆ ಎಲ್ಲರಿಗಿಂತ ನಿಷ್ಠೆಯಿಂದ ಕಾಯುತ್ತಾರೆ. ಮದುವೆ ಮನೆಯ ಊಟದ ಹಾಲಿನಲ್ಲಿ ಉಣ್ಣುತ್ತಿರುವವರ ಕುರ್ಚಿಯ ಬೆನ್ನು ಹಿಡಿದು, ಅವರು ಪಾಯಸ ಮುಗಿಸುವುದನ್ನೇ ನೋಡುತ್ತ ನಿಂತ ಎರಡನೆಯ ಪಂಕ್ತಿಯವರಂತೆ ಇವರೆಲ್ಲರೂ ಒಬ್ಬರ ಹಿಂದೆ ಒಬ್ಬರು ನಿಂತಿರುತ್ತಾರೆ. ಮತ್ತು ಎಲ್ಲರ ಮುಂದಿರುವ ‘ಘ’ ತನಗೆ ಆದೇಶವೇ ಬಂದಿಲ್ಲವೆಂದು ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಾನೆ. ಪಟ್ಟಿಕಾರನು ನಿಜವಾದ ಮದುವೆಯಲ್ಲಿಯೂ ಇಂಥ ದೃಶ್ಯ ಕಂಡಾಗ ‘ಇವರ ಜಾಗಕ್ಕೆ’ ಎಂದು ಗೊಣಗಿಕೊಂಡು ಪತ್ನಿಯಿಂದ ಮೊಣಕೈ ತಿವಿಸಿಕೊಳ್ಳುವುದುಂಟು. ಸರಪಣಿಯೊಳಗೆ ‘ಗ’ ಹೇಗೋ ಬಿಡುಗಡೆ ಹೊಂದಿ ತರೀಕೆರೆ ತಲುಪಿದನೆಂದರೆ ಒಂದು ಹುದ್ದೆ, ಎರಡು ದೇಹ. ವೇತನದ ಬಿಲ್ಲು ಮಾತ್ರ ಒಂದು ಹುದ್ದೆಗೆ ಒಬ್ಬರನ್ನೇ ಒಪ್ಪುತ್ತದೆ. ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯಿಂದ ‘ಘ’ ತಡೆಯಾಜ್ಞೆ ತಂದನೆಂದರೆ ಆತನ ಹಿಂದಿನ ಮೂವರೂ ನಿಂತಲ್ಲೇ ನಿಲ್ಲುತ್ತಾರೆ.

ಆದಕಾರಣ ಷರಾದಲ್ಲಿ ಕಂಡ ಪ್ರತಿ ಹೆಸರಿಗೂ ಹಾಳೆಯಲ್ಲಿ ಒಂದು ಸಾಲನ್ನು ತೆರೆಯಬೇಕೆಂಬುದು ಈ ಶಾಸ್ತ್ರದ ಮೂಲ ಸೂತ್ರ. ಆ ಹೆಸರು ಅದೇ ಆದೇಶದ ಹೆಸರಿನ ಕಾಲಮಿನಲ್ಲಿದೆಯೇ ಎಂದು ಹುಡುಕಬೇಕು. ಇಲ್ಲದಿದ್ದರೆ ಹೊಸ ಸ್ಥಳದ ಮುಂದೆ ‘ಸ್ಥಳ ನಿರೀಕ್ಷಣೆ’ ಎಂದು ಬರೆಯಬೇಕು. ಸ್ಥಳ ನಿರೀಕ್ಷಣೆಯೆಂದರೆ ಜಾಗ ಹೋಗಿದ್ದು ಜಾಗ ದೊರೆಯದ ಸ್ಥಿತಿ. ಆ ದಿನಗಳನ್ನು ಕರ್ತವ್ಯವೆಂದು ಪರಿಗಣಿಸಿ ಪ್ರತ್ಯೇಕ ಆದೇಶವಾಗುವವರೆಗೆ ಸಂಬಳವಿಲ್ಲ, ಮತ್ತು ಜೂನ್ ತಿಂಗಳಲ್ಲಿ ಮಕ್ಕಳನ್ನು ಯಾವ ಊರಿನ ಶಾಲೆಗೆ ಸೇರಿಸಬೇಕೆಂಬ ಪ್ರಶ್ನೆಗೆ ಯಾವ ಕಾಲಮಿನಲ್ಲಿಯೂ ಉತ್ತರವಿಲ್ಲ. ‘ನನ್ನದೇನಾಯಿತು ಸಾರ್’ ಎಂದು ದಿನಕ್ಕೊಮ್ಮೆ ದೂರವಾಣಿಯಲ್ಲಿ ಕೇಳುವ ಇಂಥವರಿಗೆ ಹಾಳೆಯ ಹಳದಿ ಬಣ್ಣವನ್ನು ವಿವರಿಸಲು ಹೋದ ಪಟ್ಟಿಕಾರ ಮಾತು ನುಂಗಿಕೊಳ್ಳುತ್ತಾನೆ. ಸರಪಣಿಯ ಕೊನೆಯ ಕೊಂಡಿಗೆ ಒಂದು ಊರಿನ ಹೆಸರು ಬರೆಯಲು ಆದೇಶ ಸಿದ್ಧಪಡಿಸಿದವರಿಗೆ ಅರ್ಧ ಸಾಲು ಸಾಕಾಗುತ್ತಿತ್ತು.

ಇನ್ನುಳಿದದ್ದು ಗಡುವು. ಎಕ್ಸೆಲ್ ದಿನಾಂಕವನ್ನು ಕೇಳುತ್ತದೆ, ಆದೇಶ ‘ತಕ್ಷಣ’ ಎನ್ನುತ್ತದೆ. ಸೇರಿಕೆ ಕಾಲವೆಂದರೆ ಹಳೆಯ ಹುದ್ದೆಯ ಪ್ರಭಾರ ಬಿಟ್ಟು ಹೊಸದಕ್ಕೆ ಹಾಜರಾಗಲು ನಿಯಮ ಕೊಡುವ ಅವಧಿ. ಅದರ ಎಣಿಕೆ ಬಿಡುಗಡೆಯ ದಿನಾಂಕದಿಂದಲೇ ಹೊರತು ಆದೇಶದ ದಿನಾಂಕದಿಂದಲ್ಲ. ರಾಜ್ಯದ ನೌಕರರಿಗೆ ಸೇವಾ ನಿಯಮಾವಳಿ ಪ್ರತ್ಯೇಕವಾಗಿದೆ. ಲೆಕ್ಕದ ಮಾದರಿಗೆ ಕೇಂದ್ರ ಸರ್ಕಾರದ ನೌಕರರನ್ನು ತೆಗೆದುಕೊಂಡರೆ, ಅವರ 1979ರ ನಿಯಮಗಳ ಪ್ರಕಾರ ಮನೆ ಬದಲಿಸಬೇಕಿಲ್ಲದಿದ್ದರೆ 1 ದಿನ, 1000 ಕಿಲೋಮೀಟರಿನೊಳಗಾದರೆ ಸಾಮಾನ್ಯವಾಗಿ 10 ದಿನ, ಸ್ವಂತ ಕೋರಿಕೆಯ ವರ್ಗಾವಣೆಯಾದರೆ ಏನೂ ಇಲ್ಲ. ಪೂರ್ವಾಹ್ನ ಪ್ರಭಾರ ಬಿಟ್ಟವರಿಗೆ ಅಂದಿನಿಂದ, ಅಪರಾಹ್ನ ಬಿಟ್ಟವರಿಗೆ ಮರುದಿನದಿಂದ ಎಣಿಕೆ. ಅವಧಿಯ ತುದಿಗೆ ತಗುಲಿಕೊಂಡು ಬರುವ ರಜೆಗಳು ಉಚಿತ. G ಕಾಲಮಿನಲ್ಲಿ ಬಿಡುಗಡೆ ದಿನಾಂಕ, H ಕಾಲಮಿನಲ್ಲಿ ಹೊತ್ತು, I ಕಾಲಮಿನಲ್ಲಿ ದಿನಗಳ ಸಂಖ್ಯೆ ಇದ್ದು, ತುದಿಯಲ್ಲಿ ಶನಿವಾರ ಭಾನುವಾರಗಳ ಹೊರತು ಬೇರೆ ರಜೆ ಬಾರದಿದ್ದರೆ, ಹಾಜರಾಗಬೇಕಾದ ದಿನವನ್ನು ಈ ಸೂತ್ರ ಕೊಡುತ್ತದೆ:

```
=WORKDAY(G2+I2-(H2="ಪೂರ್ವಾಹ್ನ"),1)
```

ಬೆಂಗಳೂರಿನ ಕೇಂದ್ರ ಸರ್ಕಾರಿ ಕಚೇರಿಯೊಂದರಿಂದ ಹುಬ್ಬಳ್ಳಿಗೆ ಹೊರಟ ನೌಕರ 2025ರ ಜೂನ್ 11ರ ಬುಧವಾರ ಬಿಡುಗಡೆಯಾದನೆಂದು ಭಾವಿಸಿದರೆ, ಅಪರಾಹ್ನವಾದಲ್ಲಿ 10 ದಿನ 21ರ ಶನಿವಾರಕ್ಕೆ ಮುಗಿದು, ಭಾನುವಾರ ಕಳೆದು, 23ರ ಸೋಮವಾರ ಹಾಜರಾಗಬೇಕು. ಪೂರ್ವಾಹ್ನವಾದಲ್ಲಿ 20ರ ಶುಕ್ರವಾರಕ್ಕೆ ಮುಗಿದು, ಶನಿವಾರ ಮತ್ತು ಭಾನುವಾರ ಎರಡೂ ಕಳೆದು, ಅದೇ 23ರ ಸೋಮವಾರ. ಪೂರ್ವಾಹ್ನವೋ ಅಪರಾಹ್ನವೋ ಎಂದು ಎರಡು ಕಚೇರಿಗಳ ನಡುವೆ ನಡೆದ ಪತ್ರ ವ್ಯವಹಾರ ಅಷ್ಟರಲ್ಲಿ ಕಡತದಲ್ಲಿ ಒಂದು ಪ್ರತ್ಯೇಕ ಟ್ಯಾಗನ್ನೇ ಬೇಡುವಷ್ಟು ಬೆಳೆದಿರುತ್ತದೆ. ಬಿಡುಗಡೆಯ ದಿನಾಂಕ ಬಾರದ ಸಾಲಿನಲ್ಲಿ ಮಾತ್ರ ಈ ಸೂತ್ರವನ್ನು ಹಾಕಬಾರದು. ಖಾಲಿ ಕೋಶವನ್ನು ಎಕ್ಸೆಲ್ ಸೊನ್ನೆಯೆಂದು ಬಗೆದು ನೌಕರನಿಗೆ 1900ನೆಯ ಇಸವಿಯ ಜನವರಿಯಲ್ಲಿ ಹಾಜರಾಗುವ ಗಡುವು ಕೊಡುತ್ತದೆ.

ಹಾಳೆ ಪೂರ್ಣವಾಯಿತೆನ್ನುವಾಗ ತಿದ್ದುಪಡಿ ಬರುತ್ತದೆ: ಕ್ರಮ ಸಂಖ್ಯೆ 3ರಲ್ಲಿ ‘ತರೀಕೆರೆ’ ಎಂಬುದರ ಬದಲಾಗಿ ‘ಬೀರೂರು’ ಎಂದು ಓದಿಕೊಳ್ಳತಕ್ಕದ್ದು. ಪಟ್ಟಿಕಾರನು ಹಳೆಯ ಸಾಲನ್ನು ಅಳಿಸುವುದಿಲ್ಲ; ಅದಕ್ಕೆ ‘ತಿದ್ದುಪಡಿಯಾಗಿದೆ’ ಎಂದು ಗುರುತು ಹಾಕಿ, ಎರಡೂ ಆದೇಶಗಳ ಸಂಖ್ಯೆಯೊಂದಿಗೆ ಕೆಳಗೆ ಹೊಸ ಸಾಲು ತೆರೆಯುತ್ತಾನೆ, ಏಕೆಂದರೆ ‘ಗ’ನ ಅಂತಿಮ ವೇತನ ಪ್ರಮಾಣಪತ್ರ ಆಗಲೇ ತರೀಕೆರೆಗೆ ಅಂಚೆಯಲ್ಲಿ ಹೋಗಿದ್ದರೆ ಅದನ್ನು ಹುಡುಕಲು ಬೇರೆ ಸುಳಿವಿರುವುದಿಲ್ಲ. ಅನಂತರ ಬೀರೂರಿನಲ್ಲಿ ಆ ಹುದ್ದೆ ಖಾಲಿಯಿದೆಯೋ ಯಾರಾದರೂ ಕುಳಿತಿದ್ದಾರೋ ಎಂದು ನೋಡಲು ತಿದ್ದುಪಡಿಯ ಷರಾ ಕಾಲಮಿಗೆ ಹೋಗುತ್ತಾನೆ. ತಿದ್ದುಪಡಿ ಆದೇಶಕ್ಕೆ ಷರಾ ಕಾಲಮೇ ಇರುವುದಿಲ್ಲ.